ವಿಮೆ ಮುಗಿಯುವ ದಿನ ಗೋಡೆಯ ಮೇಲಿರಲಿ

ಸಿರುಗುಪ್ಪ ಕಡೆಯ ಭತ್ತದ ರೈತರೊಬ್ಬರು ಟ್ರ್ಯಾಕ್ಟರ್ ವಿಮೆಯ ಕಾಗದ ಹಿಡಿದು ಬಳ್ಳಾರಿಯ ನನ್ನ ಕಚೇರಿಗೆ ಬಂದಿದ್ದರು. ಹಳೆಯ ವಿಮೆ ಡಿಸೆಂಬರ್ 14ರ ಮಧ್ಯರಾತ್ರಿಗೆ ಮುಗಿಯುತ್ತಿತ್ತು. ಇವರು 12ಕ್ಕೇ ದಲ್ಲಾಳಿಯೊಬ್ಬನ ಕೈಗೆ ನಗದು ಕೊಟ್ಟು ನಿಶ್ಚಿಂತರಾಗಿದ್ದರು. ಅವನು ಕಂಪನಿಗೆ ಕಟ್ಟಿದ್ದು 16ರ ಮಧ್ಯಾಹ್ನ. 15ರ ಸಂಜೆ ಟ್ರ್ಯಾಕ್ಟರಿಗೆ ಸಿಕ್ಕು ಬೈಕ್ ಸವಾರನ ಕಾಲು ಮುರಿದಿತ್ತು. ಹೊಸ ಪಾಲಿಸಿಯ ಮೇಲೆ ಆರಂಭದ ದಿನ, ಗಂಟೆ ಎರಡೂ ಅಚ್ಚಾಗಿದ್ದವು. ಅಪಘಾತ ಅದಕ್ಕಿಂತ ಮೊದಲಿನದು. ಪರಿಹಾರವೆಲ್ಲ ರೈತರ ತಲೆಗೇ ಬಂತು.

ಪ್ರೀಮಿಯಂ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ ಎನ್ನುತ್ತದೆ ವಿಮಾ ಕಾಯ್ದೆಯ 64ವಿಬಿ ಕಲಂ. ಏಜೆಂಟ್ ಪಡೆದ ಹಣವನ್ನು, ರಜಾದಿನ ಬಿಟ್ಟು, 24 ಗಂಟೆಯೊಳಗೆ ಕಂಪನಿಗೆ ಸೇರಿಸಬೇಕೆಂದೂ ಅದೇ ಕಲಂ ಹೇಳುತ್ತದೆ. ಆದರೆ ಆರ್‌ಟಿಒ ಕಚೇರಿ ಮುಂದೆ ನಿಂತವರೆಲ್ಲ ಏಜೆಂಟರಲ್ಲ. ರಸೀದಿ ಕೊಡದವನಿಗೆ ಹಣ ಕೊಡಬೇಡಿ.

ಜನ ಎಡವುವುದು ವಾಯಿದೆಯ ಲೆಕ್ಕದಲ್ಲೇ. ಕರೆಂಟ್ ಬಿಲ್ ತಡವಾದರೆ ಬಡ್ಡಿ ಬೀಳುತ್ತದೆ. ಎಲ್‌ಐಸಿಯ ವಾರ್ಷಿಕ ಕಂತಿಗೆ 30 ದಿನ ವಾಯಿದೆ ಇದೆ. ವಾಹನ ವಿಮೆಗೆ ಒಂದು ದಿನವೂ ಇಲ್ಲ. ‘90 ದಿನ ಟೈಮಿದೆ’ ಎಂದು ದಲ್ಲಾಳಿ ಹೇಳಿದರೆ ನಂಬಬೇಡಿ. ಆ 90 ದಿನ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳಲು ಮಾತ್ರ, ಅಪಘಾತದ ಹೊಣೆಗಲ್ಲ.

ಹಾಗಾಗಿ ಮನೆಯ ಕ್ಯಾಲೆಂಡರಿನಲ್ಲಿ ವಿಮೆ ಮುಗಿಯುವ ತಾರೀಖಿಗೆ ಮಾತ್ರವಲ್ಲ, ಅದಕ್ಕೆ 30 ದಿನ ಮೊದಲಿನ ತಾರೀಖಿಗೂ, 7 ದಿನ ಮೊದಲಿನದಕ್ಕೂ ಕೆಂಪು ಗುರುತು ಹಾಕಿ. ಮೊದಲ ಗುರುತಿನ ದಿನ ಹಣ ಹೊಂದಿಸಿಕೊಳ್ಳಿ. ಎರಡನೆಯ ಗುರುತಿನೊಳಗೆ ನೀವೇ ಕಂಪನಿಗೆ ಕಟ್ಟಿ, ಹೊಸ ಪಾಲಿಸಿಯ ಆರಂಭದ ವೇಳೆ ಓದಿ. ಹಳೆಯದು ಮುಗಿದ ಕ್ಷಣಕ್ಕೆ ಅದು ಶುರುವಾಗಬೇಕು. ಚೆಕ್ ಕೊಟ್ಟಿದ್ದರೆ ಅದು ನಗದಾಯಿತೇ ನೋಡಿ. ಚೆಕ್ ಮರಳಿದರೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು.

ಬೈಕ್ ಇದ್ದವರಿಗೆ ಇನ್ನೊಂದು ಎಚ್ಚರಿಕೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಮೂರನೇ ವ್ಯಕ್ತಿಯ ವಿಮೆ 5 ವರ್ಷದ್ದು. ಸ್ವಂತ ಹಾನಿಯ ವಿಮೆ ಹಲವು ಪಾಲಿಸಿಗಳಲ್ಲಿ ಒಂದೇ ವರ್ಷದ್ದು. ಒಂದೇ ಕಾಗದದಲ್ಲಿ ಎರಡು ತಾರೀಖು ಇರುತ್ತವೆ, ಎರಡನ್ನೂ ಬರೆಯಿರಿ. ಐದು ವರ್ಷ ಕಾಗದ ತೆಗೆದು ನೋಡದವರೇ ಕುರುಗೋಡಿನಿಂದ ಬಳ್ಳಾರಿವರೆಗೆ ವಿಮೆಯಿಲ್ಲದೆ ಓಡಾಡುತ್ತಾರೆ. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಟ್ರ್ಯಾಕ್ಟರ್ ಇದ್ದವರು ಟ್ರೇಲರಿಗೂ ವಿಮೆ ಇದೆಯೇ ಎಂದು ನೋಡಿಕೊಳ್ಳಿ. ಇಂಜಿನ್ನಿನ ಪಾಲಿಸಿ ಟ್ರೇಲರಿಗೂ ಸಾಕು ಎಂದುಕೊಳ್ಳಬೇಡಿ.

ಡ್ರೈವಿಂಗ್ ಲೈಸೆನ್ಸ್ ಮುಗಿಯುವ ದಿನವನ್ನೂ ಬರೆಯಿರಿ. ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದ ಮೇಲೂ 30 ದಿನ ಊರ್ಜಿತವಿರುತ್ತಿದ್ದ ಹಳೆಯ ಸವಲತ್ತು 2019ರ ತಿದ್ದುಪಡಿಯಲ್ಲಿ ಹೋಯಿತು. ಒಂದು ವರ್ಷ ಮೀರಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಇವತ್ತೇ ವಿಮೆಯ ಕಾಗದ ಹೊರತೆಗೆಯಿರಿ. ಮುಗಿಯುವ ದಿನ ಓದಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಮೇಲೆ ಗಾಡಿ ಹೊರಡಿಸಿ.