ಬಿಲ್ ಸರಣಿಯಲ್ಲಿ ಬಿಟ್ಟುಹೋದ ಸಂಖ್ಯೆಯ ಪತ್ತೆ

ಜಿ.ಎಸ್.ಟಿ. ನಿಯಮ 46ರ ಪ್ರಕಾರ ತೆರಿಗೆ ಬಿಲ್ಲುಗಳಿಗೆ ಅನುಕ್ರಮ ಸಂಖ್ಯೆಯಿರಬೇಕು. ಜಿ.ಎಸ್.ಟಿ.ಆರ್-1ರ 13ನೇ ಕೋಷ್ಟಕದಲ್ಲಿ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ ಹಾಗೂ ರದ್ದಾದವುಗಳ ಲೆಕ್ಕ ಕೊಡಬೇಕಾಗುತ್ತದೆ.

ಒಂದು ತಿಂಗಳ ಬಿಲ್ಲುಗಳು 401ರಿಂದ 480ರವರೆಗೆ ಇವೆಯೆಂದು ಭಾವಿಸೋಣ. 480ರಲ್ಲಿ 401 ಕಳೆದು 1 ಕೂಡಿಸಿದರೆ 80. ಮಾರಾಟ ಪುಸ್ತಕದಲ್ಲಿಯೂ 80 ನಮೂದುಗಳಿದ್ದರೆ ಎಲ್ಲವೂ ಸರಿಯೆಂದು ತೋರುತ್ತದೆ. ಆದರೆ 437 ಎರಡು ಬಾರಿ ನಮೂದಾಗಿ 452 ಬಿಟ್ಟುಹೋಗಿದ್ದರೂ ಎಣಿಕೆ 80 ಆಗಿಯೇ ಉಳಿಯುತ್ತದೆ.

ಆದುದರಿಂದ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ `A2`ರಿಂದ ಏರಿಕೆಯ ಕ್ರಮದಲ್ಲಿ ಜೋಡಿಸಿ, `B3`ರಲ್ಲಿ `=A3-A2` ಎಂದು ಬರೆದು ಕೊನೆಯ ಸಾಲಿನವರೆಗೆ ನಕಲು ಮಾಡಬೇಕು. ಉತ್ತರ 1 ಬಂದರೆ ಸರಿ. 0 ಬಂದರೆ ಪುನರಾವರ್ತನೆ. 2 ಅಥವಾ ಹೆಚ್ಚು ಬಂದರೆ ಅದರ ಹಿಂದಿನ ಸಂಖ್ಯೆ ಬಿಟ್ಟುಹೋಗಿದೆ. ಇಲ್ಲಿ 453ರ ಎದುರು 2 ಕಾಣುತ್ತದೆ.

ಕೊನೆಯ 480ನೇ ಬಿಲ್ಲೇ ಕಾಣೆಯಾಗಿದ್ದರೆ ಪಟ್ಟಿ 479ಕ್ಕೆ ಮುಗಿಯುವುದರಿಂದ ಈ ಕ್ರಮದಲ್ಲಿ ತಿಳಿಯದು. ಮುಂದಿನ ತಿಂಗಳ ಮೊದಲ ಸಂಖ್ಯೆಯೊಡನೆ ತಾಳೆ ನೋಡಬೇಕು.

452 ರದ್ದಾಗಿದ್ದರೆ ಅದರ ಎಲ್ಲ ಪ್ರತಿಗಳೂ ಬಿಲ್ ಪುಸ್ತಕದಲ್ಲಿರಬೇಕು. ಗ್ರಾಹಕರ ಪ್ರತಿ ಅಲ್ಲಿಲ್ಲವಾದರೆ ಸರಕು ಹೊರಹೋಗಿ, ಮಾರಾಟ ಲೆಕ್ಕಕ್ಕೆ ಬಾರದಿರುವ ಸಂಭವವುಂಟು. ಸರಕು ಸಾಗಣೆಯ ರಿಜಿಸ್ಟರನ್ನು ಕೂಡಲೇ ಪರಿಶೀಲಿಸತಕ್ಕದ್ದು.