ಅಜ್ಜಿಯ ಡಿಸ್ಚಾರ್ಜ್ ಚೀಟಿಯನ್ನು ಓದುವುದು ಹೇಗೆ?



ನಮ್ಮ ಕಡೆ ಹಿರಿಯರು ಜಾರಿ ಬಿದ್ದು ಏಳಲಾರದೆ ಹೋದರೆ ‘ಸೊಂಟ ಮುರೀತು’ ಎನ್ನುತ್ತೇವೆ. ಅನಂತಪುರದ ಆಸ್ಪತ್ರೆಗೆ ಹೋದರೆ ಅಲ್ಲಿನ ನರ್ಸಮ್ಮ ‘ತುಂಟಿ ಎಮುಕ’ ಎನ್ನುತ್ತಾರೆ. ತೆಲುಗಿನಲ್ಲಿ ತುಂಟಿ ಎಂದರೆ ಚಪ್ಪೆ. ನಮ್ಮ ಮಕ್ಕಳಿಗೆ ಅದು ಬೇರೆಯೇ ಅರ್ಥ ಕೊಟ್ಟು, ಅಜ್ಜಿಯನ್ನು ಯಾಕೆ ತುಂಟಿ ಅಂತಾರೆ ಎಂದು ನಗುತ್ತಾರೆ. ಕೊನೆಗೆ ಮನೆಗೆ ಕಳಿಸುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಸಮ್ಮರಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ರಾಯದುರ್ಗದವರು ಬಳ್ಳಾರಿಗೆ ಹೋದರೂ, ಮಡಕಶಿರಾದವರು ಹಿಂದೂಪುರಕ್ಕೋ ಬೆಂಗಳೂರಿಗೋ ಹೋದರೂ ಇದು ತಪ್ಪಿದ್ದಲ್ಲ. ಬಿಲ್ಲು ಎಷ್ಟಾಯಿತು ಎಂದು ನೋಡಿ ಆ ಕಾಗದವನ್ನು ಬೀರುವಿನಲ್ಲಿಡುತ್ತೇವೆ. ಮುಂದಿನ ಮೂರು ತಿಂಗಳು ಮನೆ ನಡೆಯಬೇಕಾದ ರೀತಿ ಇರುವುದು ಆ ಕಾಗದದಲ್ಲೇ.

ಈ ಸಲ ಅಂಥ ಒಂದು ಚೀಟಿಯನ್ನು ಕೂಡಿ ಓದೋಣ. ರಾಯದುರ್ಗದ 74 ವರ್ಷದ ಒಬ್ಬ ಅಜ್ಜಿಯದು ಎಂದಿಟ್ಟುಕೊಳ್ಳಿ, ಹೆಸರು ಬೇಡ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ಎಡಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಜೂನ್ 3ರಂದು ಆಪರೇಷನ್, ಜೂನ್ 9ರಂದು ಡಿಸ್ಚಾರ್ಜ್.

ಚೀಟಿಯ ಮೇಲ್ಭಾಗದಲ್ಲಿ ರೋಗದ ಹೆಸರು: ಎಡ ತೊಡೆಮೂಳೆಯ ಕುತ್ತಿಗೆಯ ಮುರಿತ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು ಇದೆ; ಅದು ಚಪ್ಪೆಯ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಗುಂಡಿಗೂ ಮೂಳೆಗೂ ನಡುವಿನ ಸಣ್ಣ ಭಾಗವೇ ಕುತ್ತಿಗೆ. ಗುಂಡಿಗೆ ಹೋಗುವ ರಕ್ತನಾಳಗಳಲ್ಲಿ ಹೆಚ್ಚಿನವು ಈ ಕುತ್ತಿಗೆಯನ್ನು ಹಿಡಿದೇ ಮೇಲಕ್ಕೆ ಏರುತ್ತವೆ. ಮೂಳೆ ಮುರಿದು ಸರಿದರೆ ನಾಳಗಳೂ ಹರಿಯುತ್ತವೆ. ಸ್ಕ್ರೂ ಹಾಕಿ ಜೋಡಿಸಿದರೂ ಹಿರಿಯರಲ್ಲಿ ಆ ಗುಂಡು ಸತ್ತುಹೋಗುವ ಅಪಾಯ ದೊಡ್ಡದು. ಆದ್ದರಿಂದ ಗುಂಡನ್ನೇ ತೆಗೆದು ಲೋಹದ ಗುಂಡನ್ನು ಕೂರಿಸುತ್ತಾರೆ. ಬಟ್ಟಲು ನಮ್ಮದೇ ಉಳಿಯುತ್ತದೆ. ಅರ್ಧ ಕೀಲನ್ನು ಮಾತ್ರ ಬದಲಿಸುವುದರಿಂದ ಇದಕ್ಕೆ ಹೆಮಿಆರ್ಥ್ರೋಪ್ಲಾಸ್ಟಿ ಎಂದು ಹೆಸರು. ನಮ್ಮ ಅಜ್ಜಿಯ ಚೀಟಿಯಲ್ಲಿ ‘ಸಿಮೆಂಟೆಡ್ ಬೈಪೋಲಾರ್’ ಎಂದಿತ್ತು. ಅಂದರೆ ಲೋಹದ ಕಾಂಡವನ್ನು ಮೂಳೆಯೊಳಗೆ ಸಿಮೆಂಟಿನಂಥ ಅಂಟಿನಿಂದ ನಿಲ್ಲಿಸಿದ್ದಾರೆ, ಗುಂಡಿನೊಳಗೆ ಇನ್ನೊಂದು ಸಣ್ಣ ಗುಂಡು ತಿರುಗುತ್ತದೆ. ಚೀಟಿಗೆ ಅಂಟಿಸಿದ ಸಣ್ಣ ಸ್ಟಿಕ್ಕರ್‌ಗಳನ್ನು ಕಿತ್ತು ಎಸೆಯಬೇಡಿ. ಒಳಗಿಟ್ಟ ಸಾಮಾನಿನ ಅಳತೆ, ನಂಬರು ಅಲ್ಲಿವೆ. ಹತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಆಪರೇಷನ್ ಬೇಕಾದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.

ಇನ್ನೊಂದು ಪದವನ್ನು ಹುಡುಕಿ: ‘ಅಪ್ರೋಚ್’. ಡಾಕ್ಟರು ಕೀಲಿಗೆ ಯಾವ ಕಡೆಯಿಂದ ದಾರಿ ಮಾಡಿಕೊಂಡರು ಎಂಬುದು ಅದರ ಅರ್ಥ. ‘ಪೋಸ್ಟೀರಿಯರ್’ ಎಂದಿದ್ದರೆ ಹಿಂದಿನಿಂದ. ಆಗ ಹಿಂದಿನ ಸ್ನಾಯು, ಪೊರೆ ಕೂಡಿಕೊಳ್ಳುವವರೆಗೆ ಗುಂಡು ಹಿಂದಕ್ಕೆ ಜಾರಿ ಕೀಲು ತಪ್ಪುವ ಭಯ ಹೆಚ್ಚು. ‘ಲ್ಯಾಟರಲ್’ ಎಂದಿದ್ದರೆ ಆ ಭಯ ಕಡಿಮೆ, ಕಟ್ಟುಪಾಡೂ ಕಡಿಮೆ. ಪಕ್ಕದ ಮನೆಯವರಿಗೆ ಹೇಳಿದ ನಿಯಮ ನಮಗೇಕೆ ಹೇಳಲಿಲ್ಲ ಎಂಬ ಗೊಂದಲ ಬಹುಪಾಲು ಹುಟ್ಟುವುದು ಇಲ್ಲಿಂದಲೇ. ಆ ಪದ ಚೀಟಿಯಲ್ಲಿ ಇಲ್ಲದಿದ್ದರೆ ಹೊರಡುವ ಮೊದಲು ಕೇಳಿ ಬರೆಸಿಕೊಳ್ಳಿ.

ನಮ್ಮ ಅಜ್ಜಿಗೆ ಮಾಡಿದ್ದು ಪೋಸ್ಟೀರಿಯರ್. ಚೀಟಿಯಲ್ಲಿ ಮೂರು ಬೇಡಗಳಿದ್ದವು: ಚಪ್ಪೆಯನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬೇಡಿ, ಕಾಲಿನ ಮೇಲೆ ಕಾಲು ಹಾಕಬೇಡಿ, ಆ ಕಾಲನ್ನು ಒಳಕ್ಕೆ ತಿರುಗಿಸಬೇಡಿ. ಇಷ್ಟೇ ಓದಿದರೆ ಮನೆಯವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಇದರ ಅರ್ಥ ಹೀಗೆ: ಚಾಪೆಯ ಮೇಲೆ ಕೂರುವಂತಿಲ್ಲ, ಮಲಗುವಂತಿಲ್ಲ. ಚಕ್ಕಂಬಕ್ಕಳ ಹಾಕುವಂತಿಲ್ಲ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಆಗದು. ಕೂತಲ್ಲಿಂದಲೇ ಬಗ್ಗಿ ನೆಲದ ಚೊಂಬು ಎತ್ತುವಂತಿಲ್ಲ. ನಮ್ಮ ಸಾಮಾನ್ಯ ಪ್ಲಾಸ್ಟಿಕ್ ಕುರ್ಚಿ ಅನೇಕರಿಗೆ ತಗ್ಗಾಗುತ್ತದೆ, ಹಿಂದಕ್ಕೆ ಇಳಿಜಾರಾಗಿಯೂ ಇರುತ್ತದೆ. ಕೂತಾಗ ಮೊಣಕಾಲಿಗಿಂತ ಚಪ್ಪೆ ಸ್ವಲ್ಪ ಮೇಲಿರಬೇಕು. ಅಳೆಯಲು ಟೇಪು ಬೇಡ, ಪಕ್ಕದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಕೈ ಇರುವ ಮರದ ಕುರ್ಚಿಯ ಮೇಲೆ ಗಟ್ಟಿಯಾಗಿ ಮಡಚಿದ ಕಂಬಳಿ ಹಾಕಿದರೂ ಸಾಕು. ಕಕ್ಕಸಿಗೆ ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅಜ್ಜಿ ಮನೆಗೆ ಬರುವ ಹಿಂದಿನ ದಿನವೇ ಅದು ಮನೆಯಲ್ಲಿರಬೇಕು, ಬಂದ ಮರುದಿನವಲ್ಲ. ಮಲಗುವಾಗ ಎರಡು ಕಾಲುಗಳ ನಡುವೆ ಒಂದು ತಲೆದಿಂಬು.

ದೇವಾಲಯದ ಮಾತೂ ಇಲ್ಲೇ ಬರುತ್ತದೆ. ‘ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ನಾನೊಬ್ಬಳೇ ಕುರ್ಚಿಯಲ್ಲಿ ಕೂರಲೇ?’ ಎಂದು ಆ ಅಜ್ಜಿ ಕೇಳಿದ್ದರು. ಹೌದು, ಕುರ್ಚಿಯಲ್ಲೇ. ಮೊಣಕಾಲೂರಲು ಇಳಿಯುವಾಗ, ಏಳುವಾಗ ದೇಹ ಮುಂದಕ್ಕೆ ಬಾಗಿ ಚಪ್ಪೆ ಬಹಳ ಮಡಚುತ್ತದೆ. ಮೊದಲ ವಾರಗಳಲ್ಲಿ ಗುರುಗಳು ಪರಮಪ್ರಸಾದವನ್ನು ಮನೆಗೇ ತರುತ್ತಾರೆ, ಹೇಳಿ ಕಳಿಸಿದರಾಯಿತು. ಸಾಮಾನ್ಯವಾಗಿ ಈ ಕಟ್ಟುಪಾಡು 6ರಿಂದ 12 ವಾರ. ನೆಲದಲ್ಲಿ ಕೂರುವುದು, ಕುಕ್ಕರಗಾಲು ಇವೆರಡನ್ನು ಅನೇಕ ಡಾಕ್ಟರು ಆಮೇಲೂ ಬೇಡವೆನ್ನುತ್ತಾರೆ.

‘ವೆಯ್ಟ್ ಬೇರಿಂಗ್ ಆ್ಯಸ್ ಟಾಲರೇಟೆಡ್’ ಎಂಬ ಸಾಲನ್ನು ತಪ್ಪು ತಿಳಿಯುವವರೇ ಹೆಚ್ಚು. ತಾಳಿಕೊಳ್ಳುವಷ್ಟು ಭಾರವನ್ನು ಆ ಕಾಲಿನ ಮೇಲೆ ಬಿಡಬಹುದು ಎಂದು ಅದರ ಅರ್ಥ. ನಮ್ಮಲ್ಲಿ ಪ್ರೀತಿಯಿಂದಲೇ ಕೇಡಾಗುತ್ತದೆ: ಮೂಳೆ ಕೂಡಲಿ ಎಂದು ತಿಂಗಳುಗಟ್ಟಲೆ ಮಲಗಿಸುತ್ತೇವೆ. ಇಲ್ಲಿ ಕೂಡಬೇಕಾದ ಮುರಿತವೇ ಇಲ್ಲ, ಮುರಿದ ತುಂಡನ್ನು ತೆಗೆದಾಗಿದೆ. ಮಲಗಿದರೆ ಬರುವುದು ಬೆನ್ನಹುಣ್ಣು, ಎದೆಯ ಕಫ, ಕಾಲಿನ ನಾಳದಲ್ಲಿ ರಕ್ತಗಡ್ಡೆ. ಅಜ್ಜಿ ಆಪರೇಷನ್ನಿನ ಮರುದಿನವೇ ವಾಕರ್ ಹಿಡಿದು ನಿಂತಿದ್ದರು. ಮನೆಯಲ್ಲಿ ಕ್ರಮ ಇಷ್ಟು: ಮೊದಲು ವಾಕರ್, ಆಮೇಲೆ ಆಪರೇಷನ್ನಾದ ಕಾಲು, ಆಮೇಲೆ ಒಳ್ಳೆಯ ಕಾಲು. ತಿರುಗುವಾಗ ಆ ಕಾಲನ್ನು ನೆಲಕ್ಕೆ ಊರಿ ಗಿರಕಿ ಹೊಡೆಯದೆ ಸಣ್ಣ ಹೆಜ್ಜೆ ಹಾಕಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ನಾದ ಕಾಲು ಮೊದಲು. ಮಲಗಿದಾಗ ಗಂಟೆಗೊಮ್ಮೆ ಹತ್ತು ಸಲ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು: ಇವಕ್ಕೆ ಯಾರ ಸಹಾಯವೂ ಬೇಡ.

ಈಗ ಔಷಧಿಯ ಪಟ್ಟಿ. ಎಡವುವುದು ಎರಡು ಕಡೆ.

ಮೊದಲನೆಯದು ರಕ್ತ ಗಡ್ಡೆಕಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಕೊಡುವ ಸೂಜಿ. ನಮ್ಮ ಚೀಟಿಯಲ್ಲಿ ಎನಾಕ್ಸಾಪರಿನ್ 40 ಮಿಲಿಗ್ರಾಂ, ದಿನಕ್ಕೊಂದು, ಆಪರೇಷನ್ನಿನ ಮರುದಿನದಿಂದ ಒಟ್ಟು 28 ದಿನ ಎಂದಿತ್ತು. ಲೆಕ್ಕ ಹಾಕಿ: ಜೂನ್ 4ರಿಂದ ಜುಲೈ 1ರವರೆಗೆ. ಆಸ್ಪತ್ರೆಯಲ್ಲಿ ಆರು ಆಗಿದ್ದವು, ಉಳಿದದ್ದು 22. ಅಂಗಡಿಯಲ್ಲಿ ಹತ್ತು ಇದ್ದವು, ಮಗ ಹತ್ತು ತಂದ. ಜೂನ್ 17ರಂದು ಹೊಲಿಗೆ ಬಿಚ್ಚಿದರು, 19ಕ್ಕೆ ಸೂಜಿ ಮುಗಿಯಿತು. ಗಾಯ ಒಣಗಿದೆ, ಇನ್ನೇಕೆ ಎಂದು ಮನೆಯವರು ನಿಲ್ಲಿಸಿದರು. 21ರಂದು ನೋಡಲು ಹೋದಾಗ ನಾವು ಚೀಟಿ ಓದಿದೆವು. ಒಂದು ದಿನ ತಪ್ಪಿತ್ತು. ಆಸ್ಪತ್ರೆಗೆ ಫೋನ್ ಮಾಡಿದಾಗ, ತಪ್ಪಿದ್ದಕ್ಕೆ ಸೇರಿಸಿ ಎರಡು ಕೊಡಬೇಡಿ, ಇಂದಿನಿಂದ ಜುಲೈ 1ರವರೆಗೆ ಎಂದಿನಂತೆ ಮುಂದುವರಿಸಿ ಎಂದರು. ಗಡ್ಡೆಯ ಅಪಾಯ ಹೊಲಿಗೆ ಬಿಚ್ಚಿದ ದಿನಕ್ಕೆ ಮುಗಿಯುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಬೇರೆ, ಕೆಲವರಿಗೆ ಸೂಜಿಯ ಬದಲು ಗುಳಿಗೆ; ಆದ್ದರಿಂದ ಒಬ್ಬರ ಚೀಟಿ ಇನ್ನೊಬ್ಬರಿಗಲ್ಲ. ಈ ಸೂಜಿ ನಡೆಯುವಾಗ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಗುಳಿಗೆ ತಂದು ನುಂಗಿಸಬೇಡಿ. ರಕ್ತಸ್ರಾವವಾಗಬಹುದು, ಮೂತ್ರಪಿಂಡಕ್ಕೂ ಏಟು. ಬರೆದಿದ್ದ ಪ್ಯಾರಾಸಿಟಮಾಲ್ ಸಾಲದಿದ್ದರೆ ಕೇಳಿ.

ಎರಡನೆಯದು ವಿಟಮಿನ್ ಡಿ, 60,000 ಯೂನಿಟ್, ವಾರಕ್ಕೊಂದು, 8 ವಾರ. ಮಡಕಶಿರಾದ ಒಂದು ಮನೆಯಲ್ಲಿ ಇದನ್ನು ದಿನಕ್ಕೊಂದು ಕೊಟ್ಟಿದ್ದರು. ಉಳಿದ ಗುಳಿಗೆಗಳೆಲ್ಲ ದಿನದವು, ಇದೂ ಹಾಗೇ ಎಂದುಕೊಂಡಿದ್ದರು. ಮೂರನೆಯ ದಿನ ತಿಳಿಯಿತು, ಕೆಡುಕಾಗಲಿಲ್ಲ. ವಾರಗಟ್ಟಲೆ ಹಾಗೇ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಕೊನೆಗೆ ಮಂಕು ಕವಿಯುತ್ತದೆ; ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಿರುತ್ತೇವೆ. ಉಪಾಯ ಸುಲಭ: ಅದನ್ನು ಭಾನುವಾರದ ಗುಳಿಗೆ ಎಂದು ಕರೆಯಿರಿ. ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಗುರುತು ಹಾಕಿ, ನುಂಗಿದ ಮೇಲೆ ಒಂದೊಂದನ್ನೇ ಹೊಡೆಯಿರಿ.

ಮುಂದಿನ ಭೇಟಿಯವರೆಗೆ ಕಾಯದೆ ಹೊರಡಬೇಕಾದ ಸಂದರ್ಭಗಳಿವೆ. ಏಳುವಾಗಲೋ ಬಗ್ಗಿದಾಗಲೋ ಥಟ್ಟನೆ ಜೋರು ನೋವು ಬಂದು, ಕಾಲು ಗಿಡ್ಡವಾಗಿ ಈ ಸಲ ಒಳಕ್ಕೆ ತಿರುಗಿದರೆ ಕೀಲು ತಪ್ಪಿದೆ. ಎಳೆಯಬೇಡಿ, ಎಣ್ಣೆ ತಿಕ್ಕಬೇಡಿ, ಪುತ್ತೂರು ಕಟ್ಟಿಗೆ ಓಡಬೇಡಿ; ಮಲಗಿಸಿದಂತೆಯೇ 108ಕ್ಕೆ ಕರೆ ಮಾಡಿ. ಒಣಗಿದ್ದ ಗಾಯ ಮತ್ತೆ ಒಸರಿದರೆ, ಕೆಂಪಾಗಿ ಬಿಸಿಯಾದರೆ ಅಂದೇ ಆಪರೇಷನ್ ಮಾಡಿದವರಿಗೆ ತೋರಿಸಬೇಕು. ಊರಿನಲ್ಲಿ ಬರೀ ಆ್ಯಂಟಿಬಯೋಟಿಕ್ ನುಂಗಿಸಿದರೆ ಒಳಗಿನ ಕೀವು ಮರೆಯಾಗಿ ಬೆಳೆಯುತ್ತದೆ. ಒಂದೇ ಮೀನಖಂಡ ಊದಿ ನೋಯುವುದು, ದಿಢೀರನೆ ಉಸಿರು ಕಟ್ಟುವುದು, ಎದೆನೋವು, ಇವು ಗಡ್ಡೆಯ ಲಕ್ಷಣಗಳಿರಬಹುದು, ಗಂಟೆಯೂ ತಡಮಾಡಬಾರದು. ಸರಿಯಾಗಿದ್ದವರು ಒಂದೇ ದಿನದಲ್ಲಿ ಹಗಲು ರಾತ್ರಿ ತಿಳಿಯದಂತೆ ಮಾತಾಡತೊಡಗಿದರೆ ಅದನ್ನೂ ಅರಳು ಮರುಳು ಎನ್ನದೆ ತೋರಿಸಿ. ಮೂತ್ರದ ಸೋಂಕೋ ಲವಣದ ಏರುಪೇರೋ ಔಷಧಿಯದೋ ಕಾರಣವಿರುತ್ತದೆ.

ಭೇಟಿಗಳು ಹೊಲಿಗೆಗೆ ಒಮ್ಮೆ, 6 ವಾರಕ್ಕೆ ಎಕ್ಸ್‌ರೇ ಸಮೇತ ಒಮ್ಮೆ, ಮತ್ತೆ 3 ತಿಂಗಳಿಗೆ ಎಂದಿದ್ದವು. ಹೋಗಲು ಷೇರ್ ಆಟೋ ಬೇಡ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ದಿಂಬಿಟ್ಟು ಎತ್ತರಿಸಿ, ಮೊದಲು ಬೆನ್ನು ಒಳಕ್ಕೆ ಮಾಡಿ ಕೂರಿಸಿ, ಆಮೇಲೆ ಎರಡೂ ಕಾಲುಗಳನ್ನು ಕೂಡಿಸಿ ಒಳಗೆ ತನ್ನಿ. ಚೀಟಿಯ ಮೂಲಪ್ರತಿ, ಹಳೆಯ ಎಕ್ಸ್‌ರೇ, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಜೊತೆಗಿರಲಿ. 6 ವಾರದ ಭೇಟಿಯಲ್ಲಿ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ‘ನಿಂತ ಎತ್ತರದಿಂದ ಬಿದ್ದು ಮುರಿದ ಮೂಳೆ ಇದು. ಮೂಳೆ ಸವೆತಕ್ಕೆ ಔಷಧಿ ಶುರುಮಾಡುತ್ತೀರಾ?’ ಚೀಟಿಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗುವುದು ಇದೊಂದೇ. ವಾರಕ್ಕೊಂದು ಗುಳಿಗೆಯೂ ಇದೆ, ವರ್ಷಕ್ಕೊಂದು ಡ್ರಿಪ್ಪೂ ಇದೆ. ಗುಳಿಗೆಯಾದರೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ನಮ್ಮ ಅಜ್ಜಿಗೆ ಬಲಗಾಲು ಇನ್ನೂ ತನ್ನದೇ ಇದೆ. ಆ ಭೇಟಿ ಮುಗಿಸಿ ಬಂದ ಸಂಜೆ ಮಗ ಬಚ್ಚಲ ದಾರಿಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬು ಹಾಕಿಸಿ, ಗೋಡೆಗೆ ಹಿಡಿಕೆ ಹೊಡೆಸಿದ.