ಸಾವಿನ ಮನೆಯ ಮೊದಲ ಮಾತು

ನಮ್ಮ ಕೊಗನೊಳ್ಳಿಯಲ್ಲಿ ಯಾರನ್ನು ಕಂಡರೂ ಮೊದಲು ಬಾಯಿಗೆ ಬರುವುದು ‘ಆರಾಮ ಅದೀರಿ?’ ಎಂಬ ಮಾತು. ಮರಾಠಿ ಮನೆಯವರಾದರೆ ‘ಬರಂ ಹಾಯ್ ಕಾ?’ ಅನ್ನುತ್ತಾರೆ. ಉತ್ತರವೂ ಮೊದಲೇ ಗೊತ್ತಿರುತ್ತದೆ, ‘ಹ್ಞೂಂರಿ, ಆರಾಮ’. ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ. ಇದೇ ಮಾತನ್ನು ಅಪ್ಪನನ್ನು ಕಳಕೊಂಡು ಎಂಟು ದಿನವಾದ ಹುಡುಗನಿಗೆ ಹೇಳಿ ನೋಡು ತಮ್ಮಾ. ‘ಆರಾಮ’ ಅಂದರೆ ಅವನು ಸುಳ್ಳು ಹೇಳಿದಂತೆ, ‘ಇಲ್ಲ’ ಅಂದರೆ ನಡುಬೀದಿಯಲ್ಲಿ ಅತ್ತುಬಿಡಬೇಕು. ಅದಕ್ಕೇ ನಾನು ಹೇಳುವುದು: ದುಃಖದಲ್ಲಿದ್ದವರಿಗೆ ಆಡುವ ಮೊದಲ ಮಾತು ಪ್ರಶ್ನೆಯಾಗಿರಬಾರದು.

ಒಂದು ಮನೆಯನ್ನೇ ಕಣ್ಣಮುಂದೆ ಇಟ್ಟುಕೊಂಡು ಹೇಳುತ್ತೇನೆ. ನಿನ್ನ ಜೊತೆ ಶಾಲೆ ಕಲಿತ ಹುಡುಗನ ಅಪ್ಪ ಕೊಲ್ಲಾಪುರದ ದವಾಖಾನೆಯಲ್ಲಿ ತೀರಿಕೊಂಡಿದ್ದಾರೆ ಅಂತಿಟ್ಟುಕೋ. ಮಣ್ಣು ಮುಗಿದಿದೆ. ನೀನು ಕಾಗಲ್ಲಿನ ಎಂಐಡಿಸಿಯಲ್ಲಿ ಪಾಳಿ ಮುಗಿಸಿ ಸಂಜೆ ಅವರ ಮನೆಗೆ ಮಾತಾಡಿಸಲು ಹೊರಟಿದ್ದೀಯ.

ಹೊಸಿಲ ಬಳಿ ನಿಂತು ‘ಬಾ’ ಅನ್ನಲಿ ಅಂತ ಕಾಯಬೇಡ. ಆ ಮನೆಯಲ್ಲಿ ಯಾರೂ ‘ಬರ್ರಿ, ಕುಂಡ್ರಿ’ ಅನ್ನುವುದಿಲ್ಲ, ಅದು ಅವರ ತಪ್ಪಲ್ಲ. ನೀನೂ ನಮಸ್ಕಾರ ಅನ್ನಬೇಡ. ಅಂಗಳದಲ್ಲಿ ಗಂಡಸರು ಜಮಖಾನದ ಮೇಲೆ ಕೂತಿರುತ್ತಾರೆ, ಅವರ ನಡುವೆ ಹೋಗಿ ಕೂಡು. ಒಳಗೆ ಹೆಂಗಸರ ಕಡೆ ರೀತಿ ಬೇರೆ. ಬಂದವಳು ಮನೆಯವಳ ಕೊರಳು ಹಿಡಿದು ಅಳುತ್ತಾಳೆ, ಹೋದವರ ಒಂದೊಂದು ಗುಣ ಎತ್ತಿ ಹಾಡಿಕೊಂಡು ಅಳುತ್ತಾಳೆ. ಪೇಟೆಯಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗೆ ಅದು ನಾಟಕದಂತೆ ಕಾಣುತ್ತದಂತೆ. ಕಾಣಲಿ. ಅಲ್ಲಿ ಕೂತು ಎಷ್ಟೋ ಮನೆಗಳನ್ನು ನೋಡಿದ ನನಗೆ ಕಾಣುವುದೇ ಬೇರೆ. ಅಳಲಾರದೆ ಕಲ್ಲಾಗಿ ಕೂತವಳಿಗೆ ಜೊತೆಗೊಬ್ಬಳು ಅತ್ತಾಗ ದಾರಿ ಸಿಗುತ್ತದೆ. ನಿನಗೆ ಹಾಗೆ ಅಳಲು ಬರದಿದ್ದರೆ ಅಳಬೇಕಂತಿಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿದರೆ ಆಯಿತು.

ಆಡುವ ಮಾತು ಎರಡೇ ಸಾಕು. ಒಂದು, ‘ಸುದ್ದಿ ಕೇಳಿ ಬಂದೀನಿ.’ ಇನ್ನೊಂದು, ಹೋದವರ ಬಗ್ಗೆ ನೀನು ಕಣ್ಣಾರೆ ಕಂಡ ಒಂದು ಸಂಗತಿ. ‘ಕಾಕಾ ಭಾಳ ಚಲೋ ಮನಷ್ಯಾ’ ಅನ್ನುವುದು ಎಲ್ಲರೂ ಎಲ್ಲರಿಗೂ ಅನ್ನುವ ಮಾತು, ಆ ಹುಡುಗ ಬೆಳಗಿನಿಂದ ಅದನ್ನೇ ಕೇಳಿರುತ್ತಾನೆ. ಅದರ ಬದಲು, ‘ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬಸ್ ತಪ್ಪಿದಾಗ ಕಾಕಾ ನಮ್ಮಿಬ್ಬರನ್ನೂ ಸೈಕಲ್ ಮೋಟಾರಿನ ಮ್ಯಾಲ ನಿಪ್ಪಾಣಿಗೆ ಮುಟ್ಟಿಸಿದ್ರಲ್ಲ’ ಅನ್ನು. ಅದು ಅವನಿಗೆ ಗೊತ್ತಿದ್ದ ಸಂಗತಿಯೇ ಆಗಲಿ, ಅಪ್ಪ ಇನ್ನೊಬ್ಬರ ನೆನಪಿನಲ್ಲೂ ಇದ್ದಾನೆ ಅಂತ ಅವನಿಗೆ ತಿಳಿಯುತ್ತದೆ. ಹೋದವರನ್ನು ನೆನಪಿಸಿದರೆ ದುಃಖ ಕೆದಕಿದಂತೆ ಅಂತ ಹುಡುಗರು ಹೆದರುತ್ತಾರೆ. ಆ ಮನೆಯಲ್ಲಿ ಅವರು ಬೇರೆ ಏನನ್ನೂ ನೆನೆಯುತ್ತಿರುವುದಿಲ್ಲ ತಮ್ಮಾ, ನೀನು ಹೊಸದಾಗಿ ಕೆದಕುವುದೇನೂ ಇಲ್ಲ.

ಇನ್ನು ಆಡಬಾರದ ಮಾತು. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ‘ಹೆಂಗಾತು?’. ಮೊದಲ ದಿನ ಐವತ್ತು ಮಂದಿ ಬಂದರೆ ಆ ಹುಡುಗ ಅಪ್ಪನ ಕೊನೆಯ ರಾತ್ರಿಯನ್ನು ಐವತ್ತು ಸಲ ಹೇಳಬೇಕು. ಕೆಲವರಿಗೆ ಹೇಳಿಕೊಂಡರೇ ಹಗುರ, ಅಂಥವರು ಕೇಳದೆಯೂ ತಾವಾಗಿ ಶುರುಮಾಡುತ್ತಾರೆ. ಆಗ ಪೂರಾ ಕೇಳು, ನಡುವೆ ನಿನ್ನ ಮಾವನಿಗೂ ಹೀಗೇ ಆಗಿತ್ತು ಅನ್ನಬೇಡ. ತಾನಾಗಿ ಹೇಳದವನನ್ನು ಕೇಳಲೇಬೇಡ. ತಿಳಿಯಲೇಬೇಕಿದ್ದರೆ ಹೊರಗೆ ನಿಂತ ಅವನ ಸೋದರಮಾವನನ್ನು ಕೇಳಬಹುದು.

‘ಹೆಂಗಾತು’ ಅಂದವರ ಎರಡನೇ ಮಾತು ಇನ್ನೂ ಕೆಟ್ಟದ್ದು: ‘ಮಿರಜಿಗೆ ಒಯ್ಯಬೇಕಾಗಿತ್ತು.’ 1894ರಲ್ಲಿ ವಾನ್ಲೆಸ್ ಸಾಹೇಬರು ದವಾಖಾನೆ ಹಾಕಿದಾಗಿನಿಂದ ಮಿರಜ ಅಂದರೆ ಡಾಕ್ಟರರ ಊರು ಅಂತ ನಮ್ಮ ಕಡೆಯ ಮಂದಿಯ ತಲೆಯಲ್ಲಿ ಕೂತುಬಿಟ್ಟಿದೆ. ಕೊಲ್ಲಾಪುರಕ್ಕೆ ಒಯ್ದವರಿಗೆ ಮಿರಜ ಅನ್ನುತ್ತಾರೆ, ಮಿರಜಿಗೆ ಒಯ್ದವರಿಗೆ ಬೆಳಗಾವಿ ಅನ್ನುತ್ತಾರೆ, ಬೆಳಗಾವಿಗೆ ಒಯ್ದವರಿಗೆ ‘ಒಂದೆರಡ ದಿನಾ ಮೊದಲ ಒಯ್ದಿದ್ರ’ ಅನ್ನುತ್ತಾರೆ. ಹೇಳಿದವನು ಚಾ ಕುಡಿದು ಮನೆಗೆ ಹೋಗಿ ಮಲಗುತ್ತಾನೆ. ಯಾವ ದವಾಖಾನೆ ಅಂತ ಆ ರಾತ್ರಿ ನಿರ್ಧಾರ ಮಾಡಿದ್ದು ಆ ಹುಡುಗ. ಅಪ್ಪನನ್ನು ತಾನೇ ಕೊಂದೆನೇನೋ ಅಂತ ಅವನು ವರ್ಷಗಟ್ಟಲೆ ಒಳಗೊಳಗೇ ಲೆಕ್ಕ ಹಾಕುತ್ತಾನೆ. ನಿನ್ನೆದುರು ಬೇರೆ ಯಾರಾದರೂ ಈ ಮಾತು ತೆಗೆದರೆ ಸುಮ್ಮನಿರಬೇಡ. ‘ಆ ಹೊತ್ತಿನಾಗ ಮಾಡುವುದೆಲ್ಲಾ ಮಾಡ್ಯಾರ್ರಿ’ ಅಂತ ಹುಡುಗನಿಗೆ ಕೇಳುವ ಹಾಗೆ ಹೇಳು.

‘ನರಳಲಿಲ್ಲ, ಪುಣ್ಯವಂತರು’ ಅನ್ನುವುದು ಮನೆಯವರು ಹೇಳಿಕೊಳ್ಳಬೇಕಾದ ಸಮಾಧಾನ. ಅವರು ಅಂದರೆ ‘ಹೌದು’ ಅನ್ನು, ನೀನಾಗಿ ತೆಗೆಯಬೇಡ. ‘ಧೈರ್ಯ ತಗೋ, ನೀನs ಹಿಂಗಾದ್ರ ಅವ್ವನ್ನ ನೋಡುವವರು ಯಾರು?’ ಅನ್ನುವುದೂ ಅಷ್ಟೇ. ಹಿರೇಮಗನಿಗೆ ನಮ್ಮೂರಲ್ಲಿ ಇದನ್ನು ಹೇಳದೆ ಯಾರೂ ಏಳುವುದಿಲ್ಲ. ಇಪ್ಪತ್ತೈದರ ಹುಡುಗ, ಅಳುವ ಹಕ್ಕನ್ನೂ ಕಳಕೊಂಡು, ಬಂದವರಿಗೆ ಚಾ ಸಾಕಾಯಿತೋ ಇಲ್ಲವೋ ನೋಡುತ್ತ ತಿರುಗುತ್ತಾನೆ.

‘ಏನರ ಬೇಕಾದ್ರ ಹೇಳು’ ಅನ್ನುವುದರಲ್ಲಿ ಕೆಡುಕಿಲ್ಲ, ಆದರೆ ಉಪಯೋಗವೂ ಇಲ್ಲ. ಅಂಥ ಹೊತ್ತಿನಲ್ಲಿ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಮಾಡುವ ಕೆಲಸದ ಹೆಸರು ಹೇಳು. ಒಲೆ ಹೊತ್ತಿಸದ ಮನೆಗೆ ರೊಟ್ಟಿ, ಜುಣಕಾ ಒಯ್ಯುವುದನ್ನು ಹೆಂಗಸರು ಹೇಗೂ ಮಾಡುತ್ತಾರೆ. ನೀನು, ‘ಇವತ್ತ ರಾತ್ರಿ ಕರೆಂಟ್ ಬಂದಾಗ ನಿಮ್ಮ ಕಬ್ಬಿಗೆ ನಾ ನೀರ ಬಿಡ್ತೀನಿ’ ಅನ್ನು, ಬಿಟ್ಟು ಬಾ. ಮೂರನೇ ದಿನ ರಕ್ಷಾ ವಿಸರ್ಜನೆ ಇದ್ದ ಮನೆಯಾದರೆ ಬೆಳಿಗ್ಗೆ ಬೇಗ ಹೋಗಿ ನಿಲ್ಲು.

ಈ ಮನೆಗೆ ಇನ್ನೊಂದು ಕೆಲಸವಿದೆ, ಗಡಿಯ ಊರಾದ್ದರಿಂದ ಹೇಳುತ್ತೇನೆ. ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ಕೊಲ್ಲಾಪುರದಲ್ಲಿ ತೀರಿಕೊಂಡವರ ದಾಖಲೆ ನಮ್ಮ ಪಂಚಾಯಿತಿಯಲ್ಲಿ ಸಿಗುವುದಿಲ್ಲ, ಅಲ್ಲಿಯ ಮಹಾನಗರಪಾಲಿಕೆಯಿಂದಲೇ ತರಬೇಕು. ದವಾಖಾನೆಯಿಂದ 21 ದಿನದೊಳಗೆ ವರದಿ ಹೋಗಿದೆಯೋ, ಹೆಸರಿನ ಅಕ್ಷರ ಆಧಾರಿನಂತೆಯೇ ಇದೆಯೋ ನೋಡಬೇಕು. ಹೆಸರು ತಪ್ಪಿದರೆ ಮುಂದೆ ಉತಾರದಲ್ಲಿ ಹೆಸರು ಹಚ್ಚುವಾಗ, ಬ್ಯಾಂಕಿನಲ್ಲಿ, ಎಲ್ಲ ಕಡೆ ತೊಡಕು. ‘ಆ ಕಾಗದಕ್ಕ ನಿನ್ನ ಜೋಡಿ ನಾ ಬರ್ತೀನಿ, ಗುರುವಾರ ನನಗ ಸೂಟಿ ಐತಿ’ ಅನ್ನುವ ಒಂದು ಮಾತು ಹತ್ತು ಸಮಾಧಾನಕ್ಕೆ ಸಮ. ಹಾಗಂತ ಮೊದಲ ದಿನವೇ ಕಾಗದದ ಮಾತು ತೆಗೆಯಬೇಡ. ನಾಲ್ಕೈದು ದಿನ ಕಳೆಯಲಿ.

ಎದ್ದು ಬರುವಾಗ ‘ಬರ್ತೀನಿ’ ಅನ್ನಬಾರದು, ಇದು ನಿನಗೆ ಗೊತ್ತು. ಸಾವಿನ ಮನೆಗೆ ಮತ್ತೆ ಬರುವಂತಾಗದಿರಲಿ ಅಂತ ಹಿರಿಯರು ಮಾಡಿದ್ದು. ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ಎದ್ದು ಬಾ.

ಊರಲ್ಲಿಲ್ಲದವರ ಮಾತು ಬೇರೆ. ವಾಟ್ಸಾಪ್ ಗುಂಪಿನಲ್ಲಿ ಮೊದಲನೆಯವನು ‘ಓಂ ಶಾಂತಿ’ ಅಂದರೆ ಹಿಂದಿನ ನೂರು ಮಂದಿ ಅದನ್ನೇ ಒತ್ತುತ್ತಾರೆ. ಪುಣೆಯಲ್ಲಿದ್ದರೆ ಫೋನು ಮಾಡು. ಎತ್ತದಿದ್ದರೆ ಮತ್ತೆ ಮತ್ತೆ ಮಾಡಬೇಡ, ಆ ಸೈಕಲ್ ಮೋಟಾರಿನ ಸಂಗತಿಯನ್ನೇ ದನಿಯಲ್ಲಿ ಹೇಳಿ ಕಳಿಸು, ‘ಇದಕ್ಕ ಉತ್ತರಾ ಕೊಡಬ್ಯಾಡ’ ಅಂತ ಸೇರಿಸು.

ತಡವಾಗಿ ಹೋಗುವವರು ಇನ್ನೊಂದು ತಪ್ಪು ಮಾಡುತ್ತಾರೆ. 2021ರಲ್ಲಿ ನಮ್ಮೂರ ನಾಕಾದಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಇಲ್ಲದೆ ಮಹಾರಾಷ್ಟ್ರದ ಕಡೆಯಿಂದ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದ ಕಾಗಲ್ಲಿನ ಬೀಗರು ಮಣ್ಣಿಗೆ ಬರಲಾಗಲಿಲ್ಲ. ತಿಂಗಳುಗಳು ಕಳೆದ ಮೇಲೆ ಬಂದವರು ಅರ್ಧ ತಾಸು ನಾಕಾದ ಕಥೆಯನ್ನೇ ಹೇಳಿದರು, ಪೊಲೀಸರು ಏನಂದರು, ವರದಿ ಯಾವಾಗ ಬಂತು ಅಂತ. ಕೊನೆಗೆ ಮನೆಯವರೇ ‘ಇರಲಿ ಬಿಡ್ರಿ, ನಿಮ್ಮ ತಪ್ಪೇನೈತಿ’ ಅಂತ ಬಂದವರನ್ನು ಸಮಾಧಾನ ಮಾಡಬೇಕಾಯಿತು. ತಡವಾದರೆ ‘ಆವಾಗ ಬರಾಕ ಆಗಲಿಲ್ಲ’ ಅನ್ನುವ ಒಂದೇ ಮಾತು ಸಾಕು. ಅದರ ಹಿಂದೆಯೇ ಹೋದವರ ಮಾತು ಬರಲಿ. ವರ್ಷವಾದರೂ ಹೋಗು, ತಡವಾಯಿತೆಂದು ಮುಖ ತಪ್ಪಿಸಿಕೊಂಡು ತಿರುಗಬೇಡ.

ಇನ್ನು ಗೆಳೆಯನ ಅವ್ವ. ಬಂದವರೆಲ್ಲ ಮಗನ ಜೊತೆ ಮಾತಾಡುತ್ತಾರೆ, ಆಕೆಯ ಹಣೆ, ಕೈ ನೋಡಿ ಹೋಗುತ್ತಾರೆ. ನಮಗೆ ದೂರವಲ್ಲದ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮಪಂಚಾಯಿತಿ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು: ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು ನಮ್ಮೂರಲ್ಲಿ ಬೇಡ ಅಂತ. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಇದನ್ನು ಅನುಸರಿಸಲಿ ಅಂತ ಸುತ್ತೋಲೆ ಕಳಿಸಿತು. ಠರಾವು ಪಂಚಾಯಿತಿಯದು, ನಾಲಿಗೆ ನಮ್ಮದು. ಕುಂಕುಮ ಇಟ್ಟಿದ್ದರೆ ‘ಇನ್ನೂ ಇಟ್ಟೀರಿ?’ ಅನ್ನಬೇಡ, ಇಡದಿದ್ದರೆ ‘ಹಣಿ ಬರೇ ಆತಲ್ಲವ್ವಾ’ ಅಂತ ಮರುಗಬೇಡ. ಮೊದಲು ಕಾಕೂ ಅನ್ನುತ್ತಿದ್ದೆಯಲ್ಲ, ಅದೇ ದನಿಯಲ್ಲಿ ಕಾಕೂ ಅನ್ನು. ದಿನಕರ್ಮ ಮುಗಿದು ಬೀಗರೆಲ್ಲ ಹೋದ ಮೇಲೆ, ತಿಂಗಳು ಎರಡು ತಿಂಗಳಿಗೆ, ಬರಿಗೈಯಲ್ಲೇ ಆಗಲಿ ಒಂದು ಸಲ ಹೋಗು. ಆಕೆ ಉಣ್ಣುತ್ತಿಲ್ಲ, ರಾತ್ರಿ ಕಣ್ಣು ಮುಚ್ಚುತ್ತಿಲ್ಲ, ‘ನಾನೂ ಅವರ ಹಿಂದs ಹೋಗಬೇಕಾಗಿತ್ತು’ ಅನ್ನುವುದು ದಿನದ ಮಾತಾಗಿದೆ ಅಂತ ಕಂಡರೆ ‘ಹಂಗ ಅನಬಾರದು’ ಅಂತ ಬಾಯಿ ಮುಚ್ಚಿಸಬೇಡ. ಮಗನಿಗೆ ತಿಳಿಸು, ಒಬ್ಬಳನ್ನೇ ಬಿಡಬೇಡಿ ಅನ್ನು. 14416ಕ್ಕೆ ಫೋನು ಹಚ್ಚಿದರೆ ಸರ್ಕಾರದ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆಮೇಲೆ ದಸರಾ ಬರುತ್ತದೆ. ಬನ್ನಿ ಹಿಡಿದು ಓಣಿಯೆಲ್ಲ ತಿರುಗುವ ಹುಡುಗರು ಆ ಮನೆ ಬಂದಾಗ ಅರೆಗಳಿಗೆ ನಿಂತು, ಈ ವರ್ಷ ಅವರಿಗೆ ಹಬ್ಬವಿಲ್ಲ ಅಂತ ಮುಂದೆ ಹೋಗಿಬಿಡುತ್ತಾರೆ. ನೀನು ಹಾಗೆ ದಾಟಿ ಹೋಗಬೇಡ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅನ್ನುವ ಮಾತು ಈ ಸಲ ಬಿಡು, ಹಬ್ಬದ ಶುಭಾಶಯವೂ ಬೇಡ. ‘ಹ್ವಾದ ವರ್ಷ ಕಾಕಾನ ಕೈಯಾಗ ಕೊಟ್ಟಿದ್ನಿ, ಈ ವರ್ಷ ನಿಮಗ ತಂದೀನಿ ಕಾಕೂ’ ಅನ್ನು. ಆಕೆ ತಗೊಂಡರೆ ಕಾಲು ಮುಟ್ಟು. ಬೇಡ ಅಂದರೆ ಒತ್ತಾಯ ಮಾಡಬೇಡ, ಮುಂದಿನ ವರ್ಷ ಮತ್ತೆ ಹೋಗು.